ಹೊಂಡದ ನೀರು ಎಲ್ಲಿಂದ ಬಂತು?

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದು ಹೇಗೆ ಎಂಬ ವಿಷಯದ ಮೇಲೆ ನಮ್ಮ ಪದವಿ ಕಾಲೇಜಿನಲ್ಲಿ ಅತಿಥಿ ತಜ್ಞರೊಬ್ಬರ ವಿಚಾರ ಸಂಕಿರಣ ಇಟ್ಟುಕೊಂಡಿದ್ದೇವೆ. ಇಂಥ ಕಾರ್ಯಕ್ರಮಗಳಲ್ಲಿ ಭಾಷಣ ಮುಗಿದು ಪ್ರಶ್ನೆ ಕೇಳುವ ಹೊತ್ತಿಗೆ ಸಭೆ ತಣ್ಣಗಾಗುತ್ತದೆ. ಕೇಳಲು ಹುಡುಗರಿಗೆ ಏನೂ ಇರುವುದಿಲ್ಲ ಎಂದಲ್ಲ, ಅಳೆದು ನೋಡಿದ ಒಂದು ಸಂಗತಿಯೂ ಅವರ ಕೈಯಲ್ಲಿ ಇರುವುದಿಲ್ಲ. ಅದಕ್ಕೇ ಈ ಸಲ ವಿದ್ಯಾರ್ಥಿಗಳಿಗೆ ಮೊದಲೇ ಪತ್ರ ಬರೆದು, ಯೋಚಿಸಿಕೊಂಡು ಬರಬೇಕಾದ ಪ್ರಶ್ನೆಗಳನ್ನು ಕೊಟ್ಟೆ. ಅವು ಕಾಲೇಜಿನ ಹೊರಗಿನವರಿಗೂ ಉಪಯೋಗವಾಗಬಹುದು ಎನಿಸಿ ಇಲ್ಲಿ ಕೊಡುತ್ತಿದ್ದೇನೆ.

ಪ್ರಿಯ ವಿದ್ಯಾರ್ಥಿಗಳೇ,

ಇಂಗಾಲದ ಹೊಗೆ ಕಡಿಮೆ ಮಾಡಿ ಭೂಮಿ ಬಿಸಿಯಾಗುವುದನ್ನು ತಡೆಯುವುದು ಒಂದು ಕೆಲಸ. ಈಗಾಗಲೇ ಆಗಿರುವ, ಇನ್ನು ಆಗಲಿರುವ ಏರುಪೇರಿನ ನಡುವೆ ಬದುಕು ನಡೆಸುವ ದಾರಿ ಹುಡುಕುವುದು ಇನ್ನೊಂದು. ಅತಿಥಿಗಳು ಮಾತಾಡುವುದು ಎರಡನೆಯದರ ಬಗ್ಗೆ. ಜಗತ್ತಿನ ಉದಾಹರಣೆ ಹುಡುಕಿಕೊಂಡು ಹೋಗಬೇಡಿ. ನಿಮ್ಮಲ್ಲಿ ಹೆಚ್ಚಿನವರು ಒಣಬೇಸಾಯದ ಊರುಗಳಿಂದ ಬರುವವರು, ಕೃಷಿ ಹೊಂಡ ಕಂಡವರು. 2014ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ, ಅದಕ್ಕೆ ಹಾಸುವ ಪಾಲಿಥೀನ್ ಹಾಳೆ, ನೀರೆತ್ತುವ ಡೀಸೆಲ್ ಪಂಪು, ತುಂತುರು ಅಥವಾ ಹನಿ ನೀರಾವರಿ ಎಲ್ಲಕ್ಕೂ ಸಹಾಯಧನ ಸಿಕ್ಕಿತು. ಆ ಒಂದು ಹೊಂಡವನ್ನೇ ಹಿಡಿದು ನನ್ನ ಪ್ರಶ್ನೆಗಳನ್ನು ಓದಿ.

ಮೊದಲನೆಯದು: ಹೊಂಡ ಯಾವ ಕಷ್ಟಕ್ಕೆ ಪರಿಹಾರ? 'ಮಳೆ ಕಡಿಮೆ' ಎಂಬ ಉತ್ತರ ಸಾಲದು. ವರ್ಷದ ಒಟ್ಟು ಮಳೆ ಸರಾಸರಿಗೆ ಸರಿಯಾಗಿ ಬಂದೂ ರಾಗಿ ಕೈಕೊಡಬಹುದು. ನಾಲ್ಕು ದೊಡ್ಡ ಮಳೆ ಹೊಯ್ದು, ಹೂ ಬಿಟ್ಟು ಕಾಳು ಕಟ್ಟುವ ಹೊತ್ತಿಗೆ ಮೂರು ವಾರ ಹನಿ ಬೀಳದಿದ್ದರೆ ತೆನೆ ಜೊಳ್ಳಾಗುತ್ತದೆ. ಹೊಂಡ ಇರುವುದು ಆ ಮೂರು ವಾರಕ್ಕೆ. ನಿಮ್ಮ ಹೋಬಳಿಯ ದಿನವಾರು ಮಳೆ ಲೆಕ್ಕ ತೆಗೆದುಕೊಂಡು, ಜುಲೈನಿಂದ ಅಕ್ಟೋಬರ್‌ವರೆಗೆ ಒಂದೇ ಸಮನೆ ಎಷ್ಟು ದಿನ ಮಳೆ ಇರಲಿಲ್ಲ ಎಂದು ಪ್ರತಿ ವರ್ಷಕ್ಕೂ ಗುರುತು ಹಾಕಿ. ದಿನಕ್ಕೆ 2.5 ಮಿಲಿಮೀಟರ್‌ಗಿಂತ ಕಡಿಮೆ ಬಿದ್ದರೆ ಹವಾಮಾನ ಇಲಾಖೆ ಅದನ್ನು ಮಳೆ ದಿನ ಎಂದು ಎಣಿಸುವುದಿಲ್ಲ, ನೀವೂ ಎಣಿಸಬೇಡಿ.

ಎರಡನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಹೊಂಡ ತುಂಬಿದ್ದು ಯಾವ ನೀರಿನಿಂದ? ಇದಕ್ಕೆ ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ಹಿಡಿಯಿರಿ. ಎರಡು ಎಕರೆ ಹೊಲ, ಅಂದರೆ ಸುಮಾರು 8,000 ಚದರ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ ಆ ಹೊಲದ ಮೇಲೆ ಬೀಳುವುದು 5,600 ಘನ ಮೀಟರ್ ನೀರು. ಇದರಲ್ಲಿ ಬಹುಪಾಲು ಮಣ್ಣಿಗೆ ಇಂಗುತ್ತದೆ, ಆವಿಯಾಗುತ್ತದೆ. ನೂರಕ್ಕೆ ಹದಿನೈದು ಪಾಲು ಹರಿದು ಹೊಂಡ ಸೇರಿತು ಎಂದರೆ 840 ಘನ ಮೀಟರ್. ಹದವಾಗಿ ಉತ್ತ ಹೊಲದಲ್ಲಿ, ಸಣ್ಣ ಸಣ್ಣ ಮಳೆಯ ವರ್ಷದಲ್ಲಿ ಅಷ್ಟೂ ಬರಲಾರದು.

ಈಗ ಹೊಂಡ ನೋಡಿ. ಮೇಲ್ಭಾಗ 21 ಮೀಟರ್ ಉದ್ದ, 21 ಮೀಟರ್ ಅಗಲ, ಆಳ 3 ಮೀಟರ್. ಗೋಡೆ ನೆಟ್ಟಗಿದ್ದರೆ ಕುಸಿಯುತ್ತದೆಂದು ಇಳಿಜಾರು ಬಿಡುತ್ತಾರೆ, ಹಾಗಾಗಿ ತಳ 15 ಮೀಟರ್ ಚೌಕಕ್ಕೆ ಇಳಿಯುತ್ತದೆ. ಇಂಥ ಹೊಂಡ ಹಿಡಿಯುವುದು ಸುಮಾರು 980 ಘನ ಮೀಟರ್, ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರ್. ಇಡೀ ವರ್ಷದ ಹರಿವೆಲ್ಲ ಬಂದರೂ ಅದು ಒಂದು ಸಲವೂ ತುಂಬುವುದಿಲ್ಲ. ಅದೇ 15 ಮೀಟರ್ ಚೌಕದ ಹೊಂಡವಾದರೆ 440 ಘನ ಮೀಟರ್ ಹಿಡಿಯುತ್ತದೆ. ಮುಂಗಾರಿನಲ್ಲಿ ತುಂಬಿ, ರಾಗಿಗೆ ಕೊಟ್ಟು ಖಾಲಿಯಾದರೆ, ಹಿಂಗಾರಿನ ಮಳೆಗೆ ಮತ್ತೆ ಸಾಕಷ್ಟು ತುಂಬುತ್ತದೆ. ಒಂದು ಎಕರೆಗೆ 50 ಮಿಲಿಮೀಟರ್‌ನಂತೆ ಒಂದು ಸಲ ನೀರು ಕೊಡಲು 200 ಘನ ಮೀಟರ್ ಬೇಕು. ಸಣ್ಣ ಹೊಂಡ ಒಮ್ಮೆ ತುಂಬಿದರೆ ಒಂದು ಎಕರೆಯನ್ನು ಎರಡು ಸಲ ಉಳಿಸಿಕೊಡುತ್ತದೆ. ರಾಗಿಗೆ ಆ ಮೂರು ವಾರ ದಾಟಲು ಇಷ್ಟು ಸಾಕು.

ಹಾಗಿದ್ದರೂ ದೊಡ್ಡ ಹೊಂಡವೇ ಬೇಕು ಎನ್ನುವವರಿದ್ದಾರೆ. ತೋಡಿಸಿ, ಹಾಳೆ ಹಾಸಿದ ಮೇಲೆ ಅರ್ಧಂಬರ್ಧ ಖಾಲಿ ಹೊಂಡ ಕಣ್ಣಿಗೆ ಚುಚ್ಚುತ್ತದೆ. ಪಕ್ಕದಲ್ಲೇ ಬೋರ್‌ವೆಲ್ ಇದ್ದರೆ ಪೈಪು ಎಳೆದು ತುಂಬಿಸುತ್ತಾರೆ. ಮಹಾರಾಷ್ಟ್ರದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಅಲ್ಲಿನ ಸರ್ಕಾರ 2016ರಲ್ಲಿ ಕೇಳಿದವರಿಗೆಲ್ಲ ಕೃಷಿ ಹೊಂಡ ಕೊಡುವ ಯೋಜನೆ ತಂದಿತು. ದ್ರಾಕ್ಷಿ, ದಾಳಿಂಬೆ ಬೆಳೆಯುವ ಕಡೆ ಪ್ಲಾಸ್ಟಿಕ್ ಹಾಸಿದ ಹೊಂಡಗಳು ಬಾವಿ, ಬೋರ್‌ವೆಲ್ ನೀರಿನ ಉಗ್ರಾಣಗಳಾದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಬೇಸಿಗೆಗೆ ನೀರು ಬತ್ತೀತೆಂಬ ಭಯಕ್ಕೆ ಪ್ರತಿಯೊಬ್ಬರೂ ಮೊದಲೇ ಎತ್ತಿ ಇಟ್ಟುಕೊಳ್ಳುತ್ತಾರೆ. ಎತ್ತಿದಷ್ಟೂ ಬೇಗ ಬತ್ತುತ್ತದೆ.

ಇಲ್ಲಿ ನಷ್ಟ ಎರಡು ಥರದ್ದು. ನೆಲದಡಿ ಇದ್ದ ನೀರಿಗೆ ಬಿಸಿಲು ತಾಗುತ್ತಿರಲಿಲ್ಲ. ಮೇಲೆ ತಂದು ತೆರೆದಿಟ್ಟರೆ 21 ಮೀಟರ್ ಹೊಂಡದಿಂದ ದಿನಕ್ಕೆ ಸುಮಾರು 2 ಘನ ಮೀಟರ್ ಆವಿಯಾಗುತ್ತದೆ. ನೂರು ದಿನಕ್ಕೆ 200, ಅಂದರೆ ಒಂದು ಎಕರೆಗೆ ಒಂದು ಸಲ ಕೊಡಬಹುದಾಗಿದ್ದ ನೀರಷ್ಟೂ ಗಾಳಿಪಾಲು. ಇನ್ನೊಂದು ನಷ್ಟ ಪಕ್ಕದ ಹೊಲದವರದು. ಅವರ ತೆರೆದ ಬಾವಿ ಇಳಿಯುತ್ತದೆ, ಹೊಸ ಬೋರ್ ಕೊರೆಸಲು ಅವರಲ್ಲಿ ಹಣವಿಲ್ಲ. ಒಬ್ಬರ ಹೊಂದಾಣಿಕೆ ಇನ್ನೊಬ್ಬರ ಸಂಕಟವಾಗುವ ಇಂಥ ಸಂದರ್ಭಕ್ಕೆ ತಜ್ಞರು 'ತಪ್ಪು ಹೊಂದಾಣಿಕೆ' ಎನ್ನುವ ಅರ್ಥದ ಮಾತು ಬಳಸುತ್ತಾರೆ. ಅಂತರಸರ್ಕಾರಿ ಹವಾಮಾನ ಸಮಿತಿಯ 2022ರ ವರದಿ ಇದಕ್ಕೆ ಹಲವು ವಲಯ, ಪ್ರದೇಶಗಳಲ್ಲಿ ಪುರಾವೆ ಹೆಚ್ಚಿದೆ ಎಂದು ಎಚ್ಚರಿಸಿದೆ. ಅತಿಥಿಗಳ ಬಾಯಲ್ಲಿ ಈ ಮಾತು ಬಂದಾಗ ನಿಮ್ಮ ಕಣ್ಣ ಮುಂದೆ ಪೈಪಿನ ತುದಿಯಿರುವ ಒಂದು ಹೊಂಡ ಬರಲಿ ಎಂದೇ ಇಷ್ಟು ಉದ್ದಕ್ಕೆ ಬರೆದೆ.

ಯಾವ ನೀರು ಎಂದು ಗುರುತಿಸುವುದು ಕಷ್ಟವಲ್ಲ. ಮಳೆನೀರಿನ ಹೊಂಡಕ್ಕೆ ಹೊಲದ ತಗ್ಗಿನ ಕಡೆಯಿಂದ ಒಂದು ಕಾಲುವೆ ಬರುತ್ತದೆ, ಅದರ ಬಾಯಲ್ಲಿ ಹೂಳು ನಿಲ್ಲಿಸುವ ಸಣ್ಣ ಗುಂಡಿ ಇರುತ್ತದೆ. ಆ ಗುಂಡಿಯಲ್ಲಿ ಈ ವರ್ಷದ ಮೆಕ್ಕಲು ಮಣ್ಣು ಕಂಡರೆ ನೀರು ಹರಿದು ಬಂದಿದೆ. ಕಾಲುವೆಯೇ ಇಲ್ಲದಿದ್ದರೆ, ಇದ್ದರೂ ಗಿಡಗಂಟಿ ಬೆಳೆದು ಮುಚ್ಚಿದ್ದರೆ, ಅಥವಾ ಹೊಂಡದ ಏರಿ ಸುತ್ತಲೂ ಎತ್ತರವಾಗಿ ಹೊಲದ ನೀರು ಒಳಗೆ ಇಳಿಯಲು ದಾರಿಯೇ ಇಲ್ಲದಿದ್ದರೆ ಅನುಮಾನಿಸಿ. ಮಳೆ ಕೈಕೊಟ್ಟ ವರ್ಷದ ಮಾರ್ಚಿನಲ್ಲಿ ಹೊಂಡ ಅಂಚಿನವರೆಗೆ ತುಂಬಿದ್ದರೆ ಮಾತೇ ಬೇಡ. ಆದರೆ ರೈತರನ್ನು ಕಳ್ಳರನ್ನು ಹಿಡಿದ ಹಾಗೆ ಪ್ರಶ್ನಿಸಬೇಡಿ. 'ಅಣ್ಣಾ, ಈ ಸಲ ಯಾವ ಮಳೆಗೆ ತುಂಬ್ತು?' ಎಂದು ಕೇಳಿ, ಅವರೇ ಎಲ್ಲ ಹೇಳುತ್ತಾರೆ. ಟೊಮೆಟೊಗೆ ಸಾಲ ಮಾಡಿದವರು ಪೈಪು ಹಾಕಿದ್ದರ ಹಿಂದೆ ಬಲವಾದ ಕಾರಣ ಇರುತ್ತದೆ, ಅದನ್ನೂ ಬರೆದುಕೊಳ್ಳಿ.

ಮೂರನೆಯದು: ಹೊಂಡ ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ? 21 ಮೀಟರ್ ಹೊಂಡ, ಏರಿ ಸೇರಿ, ಐದು ಗುಂಟೆಗೂ ಹೆಚ್ಚು ಜಾಗ ತಿನ್ನುತ್ತದೆ. ಹತ್ತು ಎಕರೆಯವರಿಗೆ ಅದು ಮೂಲೆ, ಒಂದು ಎಕರೆಯವರಿಗೆ ಎಂಟನೆಯ ಒಂದು ಪಾಲು ಹೊಲ. ಜಮೀನೇ ಇಲ್ಲದ ಕೂಲಿಯವರಿಗೆ ಮಳೆ ತಪ್ಪಿದ ವರ್ಷ ಕೆಲಸ ತಪ್ಪುತ್ತದೆ, ಅವರಿಗೆ ಈ ಯೋಜನೆಯಲ್ಲಿ ಏನಿದೆ?

ಸುರಕ್ಷತೆಯನ್ನೂ ಬಿಡಬೇಡಿ. ಹಾಳೆ ಹಾಸಿದ ಇಳಿಜಾರು ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ, ಈಜು ಬಲ್ಲವರೂ ಹತ್ತಿ ಬರಲಾರರು. ಕೃಷಿ ಹೊಂಡಗಳಲ್ಲಿ ಮಕ್ಕಳು ಸತ್ತಿದ್ದಾರೆ. ನೀವು ನೋಡುವ ಹೊಂಡಕ್ಕೆ ತಂತಿ ಬೇಲಿ ಇದೆಯೇ, ಏರಿಯ ಗೂಟಕ್ಕೆ ಕಟ್ಟಿದ ಗಂಟು ಹಗ್ಗ ತಳದವರೆಗೆ ಇಳಿದಿದೆಯೇ ನೋಡಿ. ಒಬ್ಬೊಬ್ಬರೇ ಹೋಗಬೇಡಿ, ಏರಿಯ ಒಳಬದಿಗೆ ಇಳಿಯಲೇ ಬೇಡಿ.

ಕೊನೆಯ ಪ್ರಶ್ನೆಯನ್ನು ಅತಿಥಿಗಳಿಗೇ ಕೇಳಿ. ಎಷ್ಟು ಹೊಂಡ ತೋಡಿದೆವು ಎಂಬುದು ಖರ್ಚಿನ ಲೆಕ್ಕ. ಐದು ವರ್ಷದ ನಂತರ ಇದು ಫಲ ಕೊಡಲಿಲ್ಲ ಎಂದು ನಾವು ಒಪ್ಪಬೇಕಾದರೆ ಏನನ್ನು ಅಳೆದಿರಬೇಕು: ಮಳೆ ತಪ್ಪಿದ ವರ್ಷದ ಇಳುವರಿಯನ್ನೋ, ಸುತ್ತಲ ಬಾವಿಗಳ ಮಟ್ಟವನ್ನೋ, ಊರು ಬಿಟ್ಟು ದುಡಿಯಲು ಹೋದವರ ಸಂಖ್ಯೆಯನ್ನೋ? ಅಳೆಯುವವರು ಯಾರು, ಇಲಾಖೆಯವರೇ ಅಥವಾ ಬೇರೆಯವರೇ?

ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಳ್ಳಿ. ಗುಂಪಿಗೊಂದು ಹೊಂಡ, ಅದರ ಉದ್ದ, ಅಗಲ, ಆಳ, ನೀರು ಬರುವ ಹೊಲದ ವಿಸ್ತೀರ್ಣ, ಮೇಲಿನಂತೆಯೇ ಮಾಡಿದ ಲೆಕ್ಕ. ಆಳವನ್ನು ರೈತರನ್ನೇ ಕೇಳಿ ಬರೆದುಕೊಳ್ಳಿ. ಒಂದೇ ಹಾಳೆ ಸಾಕು, ಸಂಕಿರಣದ ಹಿಂದಿನ ದಿನ ಮಧ್ಯಾಹ್ನದೊಳಗೆ ವಿಭಾಗದಲ್ಲಿ ಕೊಡಿ, ಅತಿಥಿಗಳು ಬರುವ ಮುಂಚೆ ಓದಲು ಅವರಿಗೆ ಕಳಿಸುತ್ತೇನೆ.