ಕ್ರಿಯಾಪದ ಬರುವ ಮೊದಲೇ

ಪಾವತಿಯ ಸಾಫ್ಟ್‌ವೇರ್ ಮಾಡುವ ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನಿದ್ದಾಗ ನಮ್ಮ ಟೀಮಿನಲ್ಲಿ ಎಂಟು ಜನ. ಏಳು ಗಂಡಸರು, ನಾನೊಬ್ಬಳು. ಒಂದು ಸೋಮವಾರದ ಮೀಟಿಂಗಿನಲ್ಲಿ ನಾನು ಹೇಳಬೇಕಿದ್ದದ್ದು ಒಂದೇ ವಿಷಯ. ಬ್ಯಾಂಕಿನ ಸರ್ವರ್ ಸಮಯಕ್ಕೆ ಸರಿಯಾಗಿ ಉತ್ತರ ಕೊಡದಿದ್ದರೆ ನಮ್ಮ ಸಿಸ್ಟಮ್ ಅದೇ ಪಾವತಿಯನ್ನು ಇನ್ನೊಮ್ಮೆ ಕಳಿಸುತ್ತಿತ್ತು. ಮೊದಲನೆಯದು ತಲುಪಿದ್ದು ಉತ್ತರ ಮಾತ್ರ ತಡವಾಗಿದ್ದರೆ, ಗ್ರಾಹಕರ ಖಾತೆಯಿಂದ ಎರಡು ಸಲ ಹಣ ಹೋಗುತ್ತಿತ್ತು. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಹೊಸದೆಂದು ಎಣಿಸದಂತೆ ಮಾಡಿದರೆ ಈ ತೊಂದರೆ ತಪ್ಪುತ್ತಿತ್ತು.

“ಸಾರಿ, ಒಂದ್ ನಿಮಿಷ ಸರ್, ಈ ರೀಟ್ರೈ ಇದೆಯಲ್ಲ, ಅದ್ರಿಂದ ಕಸ್ಟಮರ್ ಅಕೌಂಟಲ್ಲಿ ಎರಡೆರಡು ಸಲ ದುಡ್ಡು...”

“ಅದನ್ನ ಆಮೇಲೆ ನೋಡೋಣಮ್ಮ. ಈಗ ರಿಲೀಸ್ ಡೇಟ್ ಏನು ಹೇಳಿ,” ಎಂದರು ಲೀಡ್.

ಇನ್ನೆರಡು ಸಲ ಬಾಯಿ ತೆಗೆದೆ, ಎರಡು ಸಲವೂ ಬೇರೆ ಯಾರೋ ಶುರು ಮಾಡಿದರು. ಇಪ್ಪತ್ತು ನಿಮಿಷದ ನಂತರ ಪಕ್ಕದಲ್ಲಿದ್ದ ಸಹೋದ್ಯೋಗಿ, “ಪ್ರತಿ ರಿಕ್ವೆಸ್ಟ್‌ಗೂ ಒಂದು ಐಡಿ ಹಾಕಿದ್ರೆ ಡಬಲ್ ಡೆಬಿಟ್ ಆಗಲ್ಲ ಅಲ್ವಾ ಸರ್?” ಎಂದ. “ಸೂಪರ್ ಪಾಯಿಂಟ್ ಕಣೋ, ನಿನ್ನ ಹೆಸರಲ್ಲೇ ಟಿಕೆಟ್ ಹಾಕ್ಕೋ,” ಎಂದರು ಲೀಡ್. ಅವನು ಕದ್ದ ಎಂದು ನಾನು ಹೇಳುವುದಿಲ್ಲ. ಹಿಂದಿನ ದಿನ ಕ್ಯಾಂಟೀನಿನಲ್ಲಿ ನಾನೇ ಹೇಳಿದ್ದೆ, ಯಾರು ಹೇಳಿದ್ದೆಂಬುದು ಅವನಿಗೆ ಮರೆತಿತ್ತು. ಆದರೆ ವರ್ಷದ ಕೊನೆಗೆ ಅಪ್ರೈಸಲ್ ಬರೆಯುವಾಗ ಎಣಿಕೆಗೆ ಬರುವುದು ಆ ಟಿಕೆಟ್ಟೇ.

ನನ್ನ ದನಿ ಸಣ್ಣದು, ನನಗೆ ಮಾತಾಡಲು ಬರುವುದಿಲ್ಲ ಎಂದು ಬಹಳ ದಿನ ನಂಬಿದ್ದೆ. ಆ ನಂಬಿಕೆ ಸಡಿಲವಾದದ್ದು ಅಮೆರಿಕದ ಸುಪ್ರೀಂ ಕೋರ್ಟಿನ ಬಗ್ಗೆ ಓದಿದಾಗ. ಅಲ್ಲಿ ಒಂಬತ್ತು ನ್ಯಾಯಮೂರ್ತಿಗಳು. ವಕೀಲರು ವಾದಿಸುವಾಗ ಯಾರು ಬೇಕಾದರೂ ನಡುವೆ ಪ್ರಶ್ನೆ ಕೇಳಬಹುದು. ಮಾತೆಲ್ಲ ಅಕ್ಷರಶಃ ದಾಖಲಾಗುವುದರಿಂದ ಯಾರು ಯಾರನ್ನು ತಡೆದರು ಎಂದು ಎಣಿಸಬಹುದು. ಟೋನ್ಯಾ ಜಕೋಬಿ ಮತ್ತು ಡಿಲನ್ ಶ್ವೀರ್ಸ್ ಎಣಿಸಿ 2017ರಲ್ಲಿ ಪ್ರಕಟಿಸಿದರು. 1990ರಲ್ಲಿ ಆ ಪೀಠದಲ್ಲಿದ್ದ ಮಹಿಳೆ ಸಾಂಡ್ರಾ ಡೇ ಓಕಾನರ್ ಒಬ್ಬರೇ. ಒಂಬತ್ತರಲ್ಲಿ ಒಬ್ಬರು, ಆದರೆ ನ್ಯಾಯಮೂರ್ತಿಗಳ ಮಾತು ತುಂಡಾದ ಸಂದರ್ಭಗಳಲ್ಲಿ ಶೇ. 35.7 ಅವರ ಪಾಲಿನದು. ಇನ್ನೊಬ್ಬಿಬ್ಬರು ಹೆಂಗಸರು ಬಂದರೆ ಸರಿಹೋಗುತ್ತದೆ ಎನ್ನುವಂತೆಯೂ ಇಲ್ಲ. 2015ರ ಹೊತ್ತಿಗೆ ಮೂವರಿದ್ದರು, ತಡೆಗಳಲ್ಲಿ ಶೇ. 65.9 ಆ ಮೂವರ ಮೇಲೆ. ನ್ಯಾಯಮೂರ್ತಿ ಮಾತಾಡುವಾಗ ಸುಮ್ಮನಿರಬೇಕಾದ ವಕೀಲರೂ ಅವರನ್ನು ತಡೆಯುತ್ತಿದ್ದರು. ರೂತ್ ಬೇಡರ್ ಗಿನ್ಸ್‌ಬರ್ಗ್ 2006ರಿಂದ ಮೂರು ವರ್ಷ ಒಬ್ಬಂಟಿಯಾಗಿದ್ದರು. ನ್ಯಾಯಮೂರ್ತಿಗಳಷ್ಟೇ ಕೂರುವ ಸಭೆಯಲ್ಲೂ ತಾನು ಹೇಳಿದ್ದಕ್ಕೆ ಪ್ರತಿಕ್ರಿಯೆ ಬರುವುದು ಅದನ್ನೇ ಇನ್ನೊಬ್ಬರು ಹೇಳಿದ ಮೇಲೆ ಎಂದು ಅವರು 2009ರಲ್ಲಿ ಪತ್ರಿಕೆಗೆ ಹೇಳಿದ್ದರು. ಇದನ್ನು ಓದಿ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಅವರಿಗೂ ಮಾತಾಡಲು ಬರುತ್ತಿರಲಿಲ್ಲ ಎನ್ನಲಾದೀತೇ?

ನಾನೂ ಎಣಿಸಲು ಶುರು ಮಾಡಿದೆ. ನೋಟ್‌ಬುಕ್ಕಿನಲ್ಲಿ ಮೂರು ಗೆರೆ: ಯಾರು ಶುರು ಮಾಡಿದರು, ಮುಗಿಸಿದರೋ ಇಲ್ಲವೋ, ತಡೆದವರು ಯಾರು. ಇಲ್ಲಿ ಒಂದು ಎಚ್ಚರಿಕೆ ಬೇಕು. ಮಾತಿನ ಮೇಲೆ ಮಾತು ಬಿದ್ದದ್ದೆಲ್ಲ ತಡೆಯಲ್ಲ. ನಮ್ಮ ಮನೆಗಳಲ್ಲಿ ಅಕ್ಕತಂಗಿಯರು ಕೂತರೆ ಒಬ್ಬರ ಮಾತು ಮುಗಿಯುವ ಮೊದಲೇ “ಹೌದು ಕಣೇ, ನಂಗೂ ಹಾಗೇ ಆಯ್ತು” ಎಂದು ಇನ್ನೊಬ್ಬರು ಸೇರುತ್ತಾರೆ, ಅದರಿಂದ ಮಾತು ಬೆಳೆಯುತ್ತದೆ. 1975ರಲ್ಲಿ ಝಿಮ್ಮರ್‌ಮನ್ ಮತ್ತು ವೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು ಇದಕ್ಕೊಂದು ಅಳತೆ ಇಟ್ಟಿದ್ದರು. ವಾಕ್ಯ ಇನ್ನೇನು ಮುಗಿಯಬಹುದು ಎನ್ನುವ ಜಾಗದಲ್ಲಿ ಒಂದೆರಡು ಅಕ್ಷರ ಮೇಲೆ ಬಿದ್ದರೆ ಅದು ಆತುರ ಅಷ್ಟೇ, ಅದಕ್ಕಿಂತ ಮುಂಚೆ ನುಗ್ಗಿದರೆ ತಡೆ. ಗಂಡು ಹೆಣ್ಣು ಇಬ್ಬರೂ ಇದ್ದ ಹನ್ನೊಂದು ಸಂಭಾಷಣೆಗಳಲ್ಲಿ ಅವರಿಗೆ ಸಿಕ್ಕ 48 ತಡೆಗಳಲ್ಲಿ 46 ಗಂಡಸರವು. ಹನ್ನೊಂದು ಸಣ್ಣ ಸಂಖ್ಯೆ, ನಿಜ. ಆಮೇಲೆ ಅನೇಕ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಅಂತರ ಇಷ್ಟು ದೊಡ್ಡದಾಗಿ ಕಾಣಲಿಲ್ಲ. ಆದರೆ ಮಾತನ್ನು ಕಿತ್ತುಕೊಳ್ಳುವಂಥ ತಡೆಗಳನ್ನಷ್ಟೇ ಲೆಕ್ಕ ಹಾಕಿದಾಗ ಅಂತರ ಹೆಚ್ಚಿತ್ತು.

ಎಣಿಸುವಾಗಲೇ ನಮ್ಮ ಭಾಷೆಯ ಒಂದು ಸಂಗತಿ ಹೊಳೆಯಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. “ಎರಡೆರಡು ಸಲ ದುಡ್ಡು” ಎಂಬಲ್ಲಿ ನನ್ನ ಮಾತು ತುಂಡಾದಾಗ “ಹೋಗುತ್ತೆ” ಎನ್ನುವುದು ಯಾರ ಕಿವಿಗೂ ಬೀಳಲಿಲ್ಲ. ಕೇಳಿದವರಿಗೆ ಸಿಕ್ಕಿದ್ದು ವಿಷಯದ ಹೆಸರು ಮಾತ್ರ, ನಾನು ಏನು ಹೇಳಲು ಹೊರಟೆ ಎಂಬುದಲ್ಲ. ಅಲ್ಲಿಗೆ ನನ್ನ ಆಲೋಚನೆ ಆ ಕೋಣೆಯಲ್ಲಿ ಹುಟ್ಟೇ ಇರಲಿಲ್ಲ. ಅದರ ಮೇಲೆ “ಸಾರಿ, ಒಂದ್ ನಿಮಿಷ” ಎಂದು ಶುರು ಮಾಡುವ ಅಭ್ಯಾಸ ಬೇರೆ. ಆ ಮೂರು ಪದಗಳಲ್ಲಿ ಹುರುಳಿಲ್ಲ, ಇನ್ನೊಬ್ಬರು ನುಗ್ಗಲು ಬಾಗಿಲು ಮಾತ್ರ ತೆರೆಯುತ್ತದೆ. ಜಕೋಬಿಯವರ ಲೆಕ್ಕದಲ್ಲೂ ಇದು ಕಂಡಿದೆ. ಮಹಿಳಾ ನ್ಯಾಯಮೂರ್ತಿಗಳು ಮೊದಮೊದಲು “ನಾನು ಕೇಳಬಹುದೇ” ಎಂಬಂಥ ವಿನಯದ ಮಾತಿನಿಂದ ಪ್ರಶ್ನೆ ಶುರು ಮಾಡುತ್ತಿದ್ದರು, ವರ್ಷಗಳು ಕಳೆದಂತೆ ಅದನ್ನು ಬಿಟ್ಟು ನೇರವಾಗಿ ಪ್ರಶ್ನೆಗೇ ಇಳಿದರು.

ನಾನೂ ಬಿಟ್ಟೆ. “ಗ್ರಾಹಕರ ದುಡ್ಡು ಎರಡು ಸಲ ಹೋಗ್ತಿದೆ, ಕಾರಣ ರೀಟ್ರೈ” ಎಂದು ತೀರ್ಮಾನವನ್ನೇ ಮುಂದಿಟ್ಟೆ. ಕೆಲಸವಾಯಿತು, ಅರ್ಧ. ಇನ್ನರ್ಧ ಆಗಲಿಲ್ಲ, “ಇತ್ತೀಚೆಗೆ ಯಾಕೋ ತುಂಬ ಜೋರಾಗಿದೀರಾ” ಎಂಬ ಮಾತು ಬಂತು. ವಿನಯವಾಗಿ ಹೇಳಿದರೆ ಕೇಳಿಸುವುದಿಲ್ಲ, ನೇರವಾಗಿ ಹೇಳಿದರೆ ಜೋರು. ಇದೆಲ್ಲವನ್ನೂ ಒಬ್ಬಳ ನಾಲಗೆಯ ಮೇಲೆ ಹೊರಿಸುವುದು ಅನ್ಯಾಯ.

ಒಬಾಮಾ ಶ್ವೇತಭವನದ ಮಹಿಳಾ ಸಿಬ್ಬಂದಿ ಒಂದು ದಾರಿ ಕಂಡುಕೊಂಡಿದ್ದರು. ಒಬ್ಬಳು ಒಳ್ಳೆಯ ವಿಷಯ ಹೇಳಿದರೆ ಇನ್ನೊಬ್ಬಳು ಅದನ್ನೇ, ಹೇಳಿದವಳ ಹೆಸರಿನೊಂದಿಗೆ, ಮತ್ತೆ ಹೇಳುವುದು. ಆದರೆ ಅದಕ್ಕೆ ಇಬ್ಬರು ಬೇಕು. ಒಬ್ಬಳೇ ಇರುವವಳಿಗೆ ಆ ಕೆಲಸ ಮಾಡಬೇಕಾದವನು ಗಂಡಸೇ. ನಾನು ಕೇಳಿದ್ದು ಅದೇ ಪಕ್ಕದವನನ್ನು. ನೋಟ್‌ಬುಕ್ ತೋರಿಸಿದೆ. ಅವನ ಮುಖ ಸಪ್ಪಗಾಯಿತು. ಮುಂದಿನ ಮೀಟಿಂಗಿನಲ್ಲಿ ನನ್ನ ಮಾತು ತುಂಡಾದಾಗ, “ಸರ್, ಅವರು ಹೇಳ್ತಿದ್ದಿದ್ದು ಮುಗೀಲಿಲ್ಲ,” ಎಂದ. ನಾಲ್ಕೇ ಪದ.

ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಸರದಿ. ಅಮೆರಿಕದ ಕೋರ್ಟು 2020ರ ಮೇ ತಿಂಗಳಲ್ಲಿ, ಕೋವಿಡ್ ಕಾರಣಕ್ಕೆ, ಫೋನಿನಲ್ಲಿ ವಾದ ಕೇಳತೊಡಗಿದಾಗ ಮುಖ ಕಾಣದಿದ್ದರಿಂದ ಹಿರಿತನದ ಪ್ರಕಾರ ಒಬ್ಬೊಬ್ಬರಾಗಿ ಪ್ರಶ್ನೆ ಕೇಳುವ ನಿಯಮ ಮಾಡಿತು. ಆಗ ವರ್ಷಗಟ್ಟಲೆ ಬಾಯಿಯೇ ತೆರೆಯದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಕೂಡ ಪ್ರಶ್ನೆ ಕೇಳಲಾರಂಭಿಸಿದರು. 2021ರ ಅಕ್ಟೋಬರಿನಲ್ಲಿ ಎಲ್ಲರೂ ಕೋರ್ಟಿಗೆ ಮರಳಿದ ಮೇಲೂ ಅದನ್ನು ಪೂರ್ತಿ ಬಿಡಲಿಲ್ಲ. ಮೊದಲು ಮುಕ್ತ ಪ್ರಶ್ನೆಗಳು, ಕೊನೆಯಲ್ಲಿ ಸರದಿಯ ಸುತ್ತು. ಮಾತು ತಡೆಯುವ ಬಗೆಗಿನ ಅಧ್ಯಯನಗಳೂ ಈ ಬದಲಾವಣೆಗೆ ಒಂದು ಕಾರಣ ಎಂದು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಹೇಳಿದರು.

ನಮ್ಮ ಲೀಡ್ ಮುಂದೆ ಕೋರ್ಟಿನ ಮಾತೆತ್ತಲಿಲ್ಲ, ನೋಟ್‌ಬುಕ್ಕಿನ ಎರಡು ವಾರದ ಪುಟಗಳನ್ನಷ್ಟೇ ಇಟ್ಟೆ. ಅವರು ತಮ್ಮ ಹೆಸರಿನ ಮುಂದಿದ್ದ ಗೆರೆಗಳನ್ನು ಬೆರಳಿಟ್ಟು ಎಣಿಸಿದರು, ಏನೂ ಹೇಳಲಿಲ್ಲ. ಮುಂದಿನ ಸೋಮವಾರ ಕಿಟಕಿಯ ಮೂಲೆಯಿಂದ ಸುತ್ತು ಶುರುವಾಯಿತು, ಒಬ್ಬೊಬ್ಬರಿಗೆ ಎರಡು ನಿಮಿಷ, ಮುಗಿಯುವ ತನಕ ಮಿಕ್ಕವರು ಸುಮ್ಮನೆ. ವಿಷಯವನ್ನು ಹಿಂದಿನ ರಾತ್ರಿಯೇ ಟೀಮಿನ ಚಾಟಿನಲ್ಲಿ ಬರೆದಿಡಬೇಕು, ಟಿಕೆಟ್ ಮೊದಲು ಬರೆದವರ ಹೆಸರಿಗೆ. ಆ ದಿನ ನನಗಿಂತ ಮೊದಲು ಸರದಿ ಬಂದದ್ದು ಟೀಮಿಗೆ ಹೊಸದಾಗಿ ಸೇರಿದ್ದ ರಾಯಚೂರಿನ ಹುಡುಗನದು. ಮೂರು ತಿಂಗಳಲ್ಲಿ ಅವನ ದನಿಯನ್ನು ನಾನು ಮೀಟಿಂಗಿನಲ್ಲಿ ಕೇಳಿರಲೇ ಇಲ್ಲ. ಅವನು ಎರಡು ನಿಮಿಷ ಪೂರ್ತಿ ಮಾತಾಡಿದ.