ಕಣ್ಣೊಳಗಿನ ಲೆನ್ಸು: ಯಾವ ದುಡ್ಡಿಗೆ ಏನು ಸಿಗುತ್ತದೆ?

ನಮ್ಮ ಸೋದರತ್ತೆಗೆ 68 ವರ್ಷ. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಅಕ್ಕಿಯಲ್ಲಿ ಕಲ್ಲು ಕಾಣದಂತಾಗಿ, ರಾತ್ರಿ ಎದುರು ಬರುವ ಗಾಡಿಯ ದೀಪ ಹೂವಿನಂತೆ ಅರಳಿ ಕಣ್ಣು ಕುಕ್ಕತೊಡಗಿದಾಗ ಅವರನ್ನು ಬೆಂಗಳೂರಿನ ಒಂದು ಖಾಸಗಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು ಅಂದರು ಡಾಕ್ಟರು. ಅಷ್ಟು ಹೇಳಲು ಅವರಿಗೆ ಐದು ನಿಮಿಷ ಸಾಕಾಯಿತು. ಮುಕ್ಕಾಲು ಗಂಟೆ ಹಿಡಿದದ್ದು ಪಕ್ಕದ ಕೋಣೆಯಲ್ಲಿ. ಅಲ್ಲಿ ಕೌನ್ಸೆಲರ್ ಹುಡುಗಿ ಲ್ಯಾಮಿನೇಟ್ ಮಾಡಿದ ಒಂದು ದರಪಟ್ಟಿಯನ್ನು ಮುಂದಿಟ್ಟಳು. ಒಂದು ಕಣ್ಣಿಗೆ 28,000, 42,000, 58,000, 95,000 ರೂಪಾಯಿ.

“ಅಮ್ಮ, ಕಣ್ಣಲ್ವಾ, ಜೀವಮಾನದಲ್ಲಿ ಒಂದೇ ಸಲ ಹಾಕಿಸೋದು. ಒಳ್ಳೇದೇ ಹಾಕಿಸಿಬಿಡಿ” ಅಂದಳು.

ಅತ್ತೆ ನನ್ನ ಮುಖ ನೋಡಿದರು. “28,000ದ್ದು ಹಾಕಿಸಿದರೆ ಮಂಜು ಮಂಜಾಗೇ ಕಾಣುತ್ತೇನೋ?”

ಈ ಭಯ ಬಹಳ ಜನರಿಗಿದೆ, ಆದರೆ ಇದಕ್ಕೆ ಆಧಾರವಿಲ್ಲ. ಪೊರೆ ಅಂದರೆ ಕಣ್ಣೊಳಗೆ ನಮಗೆ ಹುಟ್ಟಿನಿಂದ ಇರುವ ಮಸೂರವೇ ಮಬ್ಬಾಗುವುದು. ಆಪರೇಷನ್ನಿನಲ್ಲಿ ಅದನ್ನು ತೆಗೆದು, ಅದರ ತೆಳುವಾದ ಚೀಲವನ್ನು ಹಾಗೇ ಉಳಿಸಿಕೊಂಡು, ಆ ಚೀಲದೊಳಗೆ ಕೃತಕ ಲೆನ್ಸು ಕೂರಿಸುತ್ತಾರೆ. ಮಬ್ಬು ಹೋಗುವುದು ಹಳೆಯ ಮಸೂರವನ್ನು ತೆಗೆದದ್ದರಿಂದ. ಆ ಕೆಲಸ 28,000ದ ಪ್ಯಾಕೇಜಿನಲ್ಲೂ ಅಷ್ಟೇ, 95,000ದಲ್ಲೂ ಅಷ್ಟೇ. ಮೇಲಿನ ದುಡ್ಡು ಹೋಗುವುದು ಹೆಚ್ಚಾಗಿ ಒಂದೇ ಒಂದು ಅನುಕೂಲಕ್ಕೆ: ಆಮೇಲೆ ಕನ್ನಡಕ ಎಷ್ಟು ಹೊತ್ತು ಬೇಕು ಅನ್ನುವುದಕ್ಕೆ.

ಕೃತಕ ಲೆನ್ಸು ಬರುವ ಮೊದಲು ಪೊರೆ ತೆಗೆದವರಿಗೆ ಸೋಡಾ ಬಾಟಲಿ ತಳದಂಥ ದಪ್ಪ ಕನ್ನಡಕವೇ ಗತಿಯಾಗಿತ್ತು. ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಬಾರಿಗೆ ಕಣ್ಣೊಳಗೆ ಲೆನ್ಸು ಇಟ್ಟರು. ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು. ನಮ್ಮಲ್ಲಿ ಅದು ಬಡವರ ಕೈಗೆಟುಕಿದ್ದು 1992ರಲ್ಲಿ ಮಧುರೆಯ ಅರವಿಂದ್ ಕಣ್ಣಾಸ್ಪತ್ರೆಯವರು ಅರೋಲ್ಯಾಬ್ ಶುರುಮಾಡಿ ಲೆನ್ಸನ್ನು ಇಲ್ಲೇ ತಯಾರಿಸಿದ ಮೇಲೆ.

ರಿಡ್ಲಿ ಬಳಸಿದ ಜಾತಿಯ ಗಟ್ಟಿ ಪ್ಲಾಸ್ಟಿಕ್ ಲೆನ್ಸು ಇಂದೂ ಇದೆ. ಕೆಲವು ನೂರು ರೂಪಾಯಿಯ ಈ ಲೆನ್ಸು ಮಡಚುವುದಿಲ್ಲವಾದ್ದರಿಂದ ಸುಮಾರು 6 ಮಿಲಿಮೀಟರ್ ದಾರಿ ಮಾಡಿ ಒಳಗೆ ತೂರಿಸಬೇಕು. ಮಡಚುವ ಲೆನ್ಸಿಗೆ 2.2ರಿಂದ 2.8 ಮಿಲಿಮೀಟರ್ ಸಾಕು, ಒಳಗೆ ಹೋದಮೇಲೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಗಾಯ ಚಿಕ್ಕದಾದಷ್ಟೂ ಬೇಗ ಮಾಯುತ್ತದೆ, ಕಣ್ಣಿನ ಮುಂಭಾಗದ ಆಕಾರವೂ ಕಡಿಮೆ ಬದಲಾಗುತ್ತದೆ. ಆದರೂ ಶಿಬಿರದಲ್ಲಿ ಗಟ್ಟಿ ಲೆನ್ಸು ಹಾಕಿಸಿಕೊಂಡವರು ಮೋಸಹೋದೆವೆಂದು ತಿಳಿಯಬೇಕಾಗಿಲ್ಲ. ನುರಿತ ಕೈಯಲ್ಲಿ ಆಗಿದ್ದರೆ, ಅಗತ್ಯವಿದ್ದಲ್ಲಿ ಕನ್ನಡಕ ಹಾಕಿದ ಮೇಲೆ ನೋಟ ಹೆಚ್ಚುಕಡಿಮೆ ಒಂದೇ.

ಅತ್ತೆಗೆ ತೋರಿಸಿದ 28,000 ಮತ್ತು 42,000ದ ಲೆನ್ಸುಗಳೆರಡೂ ಮಡಚುವಂಥವೇ, ಎರಡೂ ಮೋನೋಫೋಕಲ್, ಅಂದರೆ ಒಂದೇ ದೂರಕ್ಕೆ ಸ್ಪಷ್ಟವಾಗಿ ಕಾಣಿಸುವಂಥವು. ಸಾಮಾನ್ಯವಾಗಿ ದೂರದ ನೋಟಕ್ಕೆ ಹೊಂದಿಸುತ್ತಾರೆ: ಬಸ್ಸಿನ ಬೋರ್ಡು, ಟೀವಿ, ಎದುರು ಬರುವವರ ಮುಖ ಕಾಣುತ್ತದೆ. ಪತ್ರಿಕೆ ಓದಲು, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು. ಹಾಗಾದರೆ 14,000 ಹೆಚ್ಚು ಏಕೆ? ಎರಡನೆಯದು ಹೊರದೇಶದ್ದು, ನೀರು ಹೀರದ ಅಕ್ರಿಲಿಕ್ಕಿನದು ಎಂದಳು ಹುಡುಗಿ. ಇದರಲ್ಲಿ ಒಂದು ನಿಜವಾದ ಲಾಭವಿದೆ. ಕೆಲವರಿಗೆ ಆಪರೇಷನ್ನಾದ ತಿಂಗಳುಗಳ ಅಥವಾ ವರ್ಷಗಳ ನಂತರ ಉಳಿಸಿದ ಆ ಚೀಲದ ಹಿಂಪದರ ಮಬ್ಬಾಗುತ್ತದೆ. “ಪೊರೆ ಮತ್ತೆ ಬಂತು” ಎನ್ನುವುದು ಇದನ್ನೇ. ನೀರು ಹೀರುವ ಅಕ್ರಿಲಿಕ್ಕಿಗಿಂತ ನೀರು ಹೀರದ, ಅಂಚು ಚೌಕವಾಗಿರುವ ಲೆನ್ಸಿನಲ್ಲಿ ಇದು ಕಡಿಮೆ. ಬಂದರೂ ಹೆದರುವಂಥದ್ದಲ್ಲ, ಯಾಗ್ ಲೇಸರ್ ಹೊಡೆದರೆ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ. ಇನ್ನೊಂದು ಮಾತು: ಈ ಜಾತಿಯ ಲೆನ್ಸನ್ನು ನಮ್ಮ ದೇಶದಲ್ಲೂ ತಯಾರಿಸುತ್ತಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ “ಇಂಪೋರ್ಟೆಡ್ಡಾ?” ಅನ್ನುವುದಲ್ಲ, “ನೀರು ಹೀರದ ಜಾತಿಯದಾ?” ಅನ್ನುವುದು. ಅತ್ತೆಗೆ ತೋರಿಸಿದ 28,000ದ ಲೆನ್ಸಿನ ಬಗ್ಗೆ ಹೀಗೆ ಕೇಳಿದಾಗ, ಅದೂ ಅದೇ ಜಾತಿಯದೆಂದು ತಿಳಿಯಿತು.

ಹಳದಿ ಬಣ್ಣದ ಲೆನ್ಸು ಅಕ್ಷಿಪಟಲವನ್ನು ಕಾಪಾಡುತ್ತದೆ ಎಂದೂ ಹೇಳುತ್ತಾರೆ. ನೀಲಿ ಬೆಳಕನ್ನು ತಡೆಯುವ ಆ ಬಣ್ಣದಿಂದ ಕಣ್ಣಿಗೆ ರಕ್ಷಣೆ ಸಿಗುತ್ತದೆನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಅದರಿಂದ ಕೇಡೂ ಇಲ್ಲ, ಆದರೆ ಅದಕ್ಕಾಗಿ ದುಡ್ಡು ಕೊಡಬೇಕಾಗಿಲ್ಲ. ಅತಿನೇರಳೆ ಕಿರಣ ತಡೆಯುವ ಗುಣವಂತೂ ಈಗಿನ ಲೆನ್ಸುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇದ್ದೇ ಇರುತ್ತದೆ.

ನಿಜವಾದ ಆಯ್ಕೆ ಶುರುವಾಗುವುದು 58,000ದ ಟೋರಿಕ್ ಲೆನ್ಸಿನಿಂದ. ಕೆಲವರ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಚೆಂಡಿನಂತೆ ಎಲ್ಲ ದಿಕ್ಕಿಗೂ ಸಮನಾಗಿ ಬಾಗಿರುವುದಿಲ್ಲ, ಒಂದು ದಿಕ್ಕಿಗೆ ಹೆಚ್ಚು ಬಾಗಿರುತ್ತದೆ. ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂದು ಬರೆಯುವುದು ಇಂಥ ದೋಷಕ್ಕೆ. ಸಾದಾ ಲೆನ್ಸು ಇದನ್ನು ಸರಿಪಡಿಸಲಾರದು. ಟೋರಿಕ್ ಲೆನ್ಸು ಸರಿಪಡಿಸುತ್ತದೆ. ಎಷ್ಟಿದ್ದರೆ ಹಾಕಿಸಬೇಕು? ಕಾರ್ನಿಯಾದ ಅಳತೆಯಲ್ಲಿ ಎರಡು ದಿಕ್ಕಿನ ವ್ಯತ್ಯಾಸ ಒಂದು, ಒಂದೂವರೆ ಡಯಾಪ್ಟರ್ ದಾಟಿದರೆ ಯೋಚಿಸಬೇಕು. ಅರ್ಧ ಡಯಾಪ್ಟರಿಗೆ ಈ ದುಡ್ಡು ದಂಡ.

ಅತ್ತೆಯ ಅಳತೆ ಚೀಟಿಯನ್ನು ಕೇಳಿ ಪಡೆದೆ. ಬಲಗಣ್ಣಿನಲ್ಲಿ ಒಂದು ದಿಕ್ಕಿಗೆ 43.00, ಇನ್ನೊಂದು ದಿಕ್ಕಿಗೆ 44.75, ವ್ಯತ್ಯಾಸ 1.75. ಎಡಗಣ್ಣಿನಲ್ಲಿ 43.25 ಮತ್ತು 43.75, ವ್ಯತ್ಯಾಸ ಅರ್ಧ ಅಷ್ಟೇ. ಒಬ್ಬರದೇ ಎರಡು ಕಣ್ಣಿಗೆ ಎರಡು ಬೇರೆ ಉತ್ತರ! ದರಪಟ್ಟಿಯಲ್ಲಿ ಈ ಅಂಕಿಗಳಿಗೆ ಜಾಗವೇ ಇರಲಿಲ್ಲ.

ಟೋರಿಕ್ಕಿಗೂ ಒಂದು ಮಿತಿಯಿದೆ. ಅದು ನಿಗದಿಯಾದ ಕೋನದಲ್ಲೇ ಕೂರಬೇಕು. ಒಂದು ಡಿಗ್ರಿ ತಿರುಗಿದರೆ ಪರಿಣಾಮದ ಶೇಕಡಾ 3ಕ್ಕಿಂತ ತುಸು ಹೆಚ್ಚು ಹೋಗುತ್ತದೆ, 30 ಡಿಗ್ರಿ ತಿರುಗಿದರೆ ಹಾಕಿದ್ದೂ ಹಾಕದಿದ್ದೂ ಒಂದೇ. ಆಪರೇಷನ್ನಾದ ಮೊದಲ ದಿನಗಳಲ್ಲಿ ಚೆನ್ನಾಗಿ ಕಂಡು ಆಮೇಲೆ ಅಕ್ಷರಗಳು ಒಂದು ಕಡೆಗೆ ಎಳೆದಂತೆ ಕಂಡರೆ ತಡಮಾಡದೆ ಹೋಗಿ ತೋರಿಸಬೇಕು. ಲೆನ್ಸಿನ ಮೇಲೆ ಗುರುತಿನ ಚುಕ್ಕಿಗಳಿರುತ್ತವೆ. ಪಾಪೆ ಹಿಗ್ಗಿಸಿ ನೋಡಿದರೆ ತಿರುಗಿದೆಯೋ ಇಲ್ಲವೋ ಡಾಕ್ಟರಿಗೆ ತಿಳಿಯುತ್ತದೆ, ಮೊದಲ ಕೆಲವು ವಾರಗಳಲ್ಲಿ ಅದನ್ನು ಮತ್ತೆ ಜಾಗಕ್ಕೆ ತಿರುಗಿಸಲೂ ಆಗುತ್ತದೆ.

ಇನ್ನು 95,000ದ ಟ್ರೈಫೋಕಲ್. ದೂರ, ನಡುವಿನ ದೂರ, ಹತ್ತಿರ, ಮೂರಕ್ಕೂ ಕನ್ನಡಕ ಬೇಡ ಎನ್ನುವುದು ಇದರ ಆಕರ್ಷಣೆ, ಬಹುಪಾಲು ಜನರಿಗೆ ಅದು ನಿಜವೂ ಆಗುತ್ತದೆ. ಆದರೆ ಅದು ಹೇಗೆ ಸಾಧ್ಯವಾಗುತ್ತದೆಂದು ಆ ಕೋಣೆಯಲ್ಲಿ ಯಾರೂ ಹೇಳಲಿಲ್ಲ. ಲೆನ್ಸಿನ ಮೇಲೆ ಕೆತ್ತಿದ ಸೂಕ್ಷ್ಮ ಬಳೆಗಳು ಒಳಬರುವ ಬೆಳಕನ್ನು ಪಾಲುಮಾಡುತ್ತವೆ. ಅರ್ಧದಷ್ಟು ದೂರಕ್ಕೆ, ಉಳಿದದ್ದು ಮಿಕ್ಕ ಎರಡಕ್ಕೆ, ಸ್ವಲ್ಪ ಭಾಗ ಎಲ್ಲಿಗೂ ಸಲ್ಲದೆ ಚದುರಿಹೋಗುತ್ತದೆ. ಹೀಗೆ ಪಾಲಾದ ಬೆಳಕಿನಿಂದ ಮಂದ ಬೆಳಕಿನಲ್ಲಿ ನೋಟದ ಗಾಢತೆ ತಗ್ಗುತ್ತದೆ, ರಾತ್ರಿ ದೀಪಗಳ ಸುತ್ತ ಬಳೆ ಬಳೆಯಾಗಿ ಕಾಣುತ್ತದೆ. ಬಹಳ ಮಂದಿಗೆ ಕೆಲವು ತಿಂಗಳಲ್ಲಿ ಇದು ಒಗ್ಗಿಹೋಗುತ್ತದೆ, ಕೆಲವರಿಗೆ ಒಗ್ಗುವುದೇ ಇಲ್ಲ. ರಾತ್ರಿ ಲಾರಿ, ಟ್ಯಾಕ್ಸಿ ಓಡಿಸುವವರಿಗೆ ನಾನು ಇದನ್ನು ಹೇಳಲಾರೆ.

ಅಕ್ಷಿಪಟಲವೇ ಸರಿಯಿಲ್ಲದಿದ್ದರೆ ಇದು ತಪ್ಪು ಆಯ್ಕೆ. ಸಕ್ಕರೆ ಕಾಯಿಲೆಯಿಂದ ಪಟಲಕ್ಕೆ ಏಟು ಬಿದ್ದವರು, ಮುಂದುವರಿದ ಗ್ಲಾಕೋಮಾ ಇರುವವರು ಮೊದಲೇ ಗಾಢತೆ ಕಳೆದುಕೊಂಡಿರುತ್ತಾರೆ, ಇದ್ದ ಬೆಳಕನ್ನೂ ಪಾಲು ಮಾಡಿದರೆ ಅವರಿಗೆ ಉಳಿಯುವುದೇನು? ಅತ್ತೆಗೆ 14 ವರ್ಷದಿಂದ ಸಕ್ಕರೆ ಕಾಯಿಲೆ. ನಾವು ಒತ್ತಾಯಿಸಿದ ಮೇಲೆ ಪಟಲದ ಓಸಿಟಿ ಸ್ಕ್ಯಾನ್ ಮಾಡಿದರು. ನಡುಭಾಗದಲ್ಲಿ ತುಸು ಬದಲಾವಣೆ ಕಂಡಿತು. ಅಲ್ಲಿಗೆ 95,000ದ ಮಾತು ಮುಗಿಯಿತು. ದರಪಟ್ಟಿ ತೋರಿಸುವ ಮೊದಲೇ ಆಗಬೇಕಿದ್ದ ಪರೀಕ್ಷೆ ಅದು.

ಟ್ರೈಫೋಕಲ್ ಹಾಕಿಸಿಕೊಂಡು ತೃಪ್ತಿಯಾಗದವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಚೀಲ ಮಬ್ಬಾಗಿರಬಹುದು ಎಂದು ಅವಸರದಲ್ಲಿ ಯಾಗ್ ಲೇಸರ್ ಹೊಡೆಸಬಾರದು. ಒಮ್ಮೆ ಚೀಲದ ಹಿಂಪದರ ತೆರೆದರೆ ಆಮೇಲೆ ಲೆನ್ಸು ಬದಲಿಸುವುದು ಬಲು ಕಷ್ಟ ಮತ್ತು ಅಪಾಯ. ಲೆನ್ಸು ಉಳಿಸಿಕೊಳ್ಳುವುದೋ ತೆಗೆಸುವುದೋ ಎನ್ನುವುದು ಮೊದಲು ತೀರ್ಮಾನವಾಗಬೇಕು.

ಸಾದಾ ಲೆನ್ಸಿಗೂ ಟ್ರೈಫೋಕಲ್ಲಿಗೂ ನಡುವೆ ‘ಇಡಾಫ್’ ಎಂಬ ಜಾತಿಯಿದೆ. ದೂರದ ಜೊತೆಗೆ ಒಂದು ತೋಳಿನಳತೆಯವರೆಗೂ ಕಾಣಿಸುತ್ತದೆ: ಕಂಪ್ಯೂಟರ್ ಪರದೆ, ಒಲೆಯ ಮೇಲಿನ ಪಾತ್ರೆ, ಅಂಗಡಿಯ ದರದ ಚೀಟಿ. ಪಂಚಾಂಗದ ಸಣ್ಣ ಅಕ್ಷರಕ್ಕೆ ಕನ್ನಡಕ ತಪ್ಪಿದ್ದಲ್ಲ. ದುಡ್ಡು ಹೆಚ್ಚು ಹಾಕದೆಯೂ ಇದರ ಹತ್ತಿರಕ್ಕೆ ಬರುವ ಒಂದು ಹಳೆಯ ದಾರಿಯಿದೆ. ಎರಡೂ ಕಣ್ಣಿಗೆ ಸಾದಾ ಲೆನ್ಸೇ ಹಾಕಿ, ಒಂದನ್ನು ದೂರಕ್ಕೆ, ಇನ್ನೊಂದನ್ನು ಒಂದೂವರೆ ಡಯಾಪ್ಟರಿನಷ್ಟು ಹತ್ತಿರಕ್ಕೆ ಹೊಂದಿಸುವುದು. ಇದು ಎಲ್ಲರಿಗೂ ಒಗ್ಗದಿದ್ದರೂ, ಡಾಕ್ಟರನ್ನು ಕೇಳಿ ನೋಡಲು ಅಡ್ಡಿಯಿಲ್ಲ.

ಯಾವ ಲೆನ್ಸಾದರೂ ಕೆಡುವುದು ಅಳತೆಯಲ್ಲಿ. ಕಣ್ಣಿನ ಉದ್ದವನ್ನು ಒಂದು ಮಿಲಿಮೀಟರ್ ತಪ್ಪು ಅಳೆದರೆ ಸುಮಾರು ಎರಡೂವರೆ, ಮೂರು ಡಯಾಪ್ಟರಿನಷ್ಟು ಪವರ್ ತಪ್ಪುತ್ತದೆ. ಬೆಳಕಿನಿಂದ ಅಳೆಯುವ ಯಂತ್ರ ಕಣ್ಣನ್ನು ಮುಟ್ಟುವುದಿಲ್ಲವಾದ್ದರಿಂದ, ಕಣ್ಣನ್ನು ಒತ್ತಿ ಅಳೆಯುವ ಹಳೆಯ ಕ್ರಮಕ್ಕಿಂತ ನಂಬಿಕೆಗೆ ಯೋಗ್ಯ. ಪೊರೆ ತೀರಾ ಬಲಿತಿದ್ದರೆ ಮಾತ್ರ ಆ ಬೆಳಕು ದಾಟದೆ ಹಳೆಯ ಕ್ರಮವೇ ಬೇಕಾಗುತ್ತದೆ. ಅರ್ಧ ಡಯಾಪ್ಟರ್ ಆಚೀಚೆ ಆದರೆ ಸಾದಾ ಲೆನ್ಸಿನವರು ಕನ್ನಡಕದಲ್ಲಿ ಸರಿಮಾಡಿಕೊಳ್ಳುತ್ತಾರೆ. ಕನ್ನಡಕವೇ ಬೇಡವೆಂದು 95,000 ಕೊಟ್ಟವರಿಗೆ ಅದೇ ಅರ್ಧ ಡಯಾಪ್ಟರ್ ದೊಡ್ಡ ನಷ್ಟ.

ಅತ್ತೆ ಬಲಗಣ್ಣಿಗೆ ಟೋರಿಕ್, ಎಡಗಣ್ಣಿಗೆ 28,000ದ ಸಾದಾ ಲೆನ್ಸು ಹಾಕಿಸಿಕೊಂಡರು. ಒಟ್ಟು 86,000. ಹುಡುಗಿ ಹೇಳಿದಂತೆ ಕೇಳಿದ್ದರೆ 1,90,000 ಆಗುತ್ತಿತ್ತು. ದಿನವಿಡೀ ಕನ್ನಡಕ ಹಾಕುವುದಕ್ಕೆ ಬೇಸರವಿಲ್ಲ ಎಂದಿದ್ದರೆ ಬಲಗಣ್ಣಿನ ಸಿಲಿಂಡರನ್ನು ಕನ್ನಡಕಕ್ಕೇ ಬಿಟ್ಟು 56,000ಕ್ಕೆ ಮುಗಿಸಬಹುದಿತ್ತು, ಆದರೆ ಅವರಿಗೆ ಹೊರಗೆ ಓಡಾಡುವಾಗ ಕನ್ನಡಕ ಬೇಡವಾಗಿತ್ತು. ಈಗ ಓದಲು ಮಾತ್ರ 2.5 ಪವರಿನ ಕನ್ನಡಕ ಹಾಕುತ್ತಾರೆ.

ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಹೋದಾಗ ದರಪಟ್ಟಿಗಿಂತ ಮೊದಲು ಕಾರ್ನಿಯಾದ ಅಳತೆ ಮತ್ತು ಪಟಲದ ಸ್ಕ್ಯಾನ್ ನೋಡಿ. ಇನ್ಶೂರೆನ್ಸ್ ಇದ್ದರೆ ಒಂದು ಕಣ್ಣಿಗೆ ಎಷ್ಟು ಮಿತಿಯಿದೆ, ಟ್ರೈಫೋಕಲ್ಲಿಗೆ ಕೊಡುತ್ತಾರೋ ಇಲ್ಲವೋ ಎಂದು ಆಪರೇಷನ್ನಿಗೆ ಮುಂಚೆಯೇ ಬರಹದಲ್ಲಿ ಕೇಳಿ. ಮನೆಗೆ ಹೊರಡುವಾಗ ಲೆನ್ಸಿನ ಹೆಸರು, ಪವರ್, ಸೀರಿಯಲ್ ನಂಬರ್ ಇರುವ ಸ್ಟಿಕ್ಕರನ್ನು ಡಿಸ್ಚಾರ್ಜ್ ಕಾಗದದ ಮೇಲೆ ಅಂಟಿಸಿಕೊಂಡು ಬನ್ನಿ. ಕೊಟ್ಟ ದುಡ್ಡಿಗೆ ಕಣ್ಣೊಳಗೆ ಯಾವ ಲೆನ್ಸು ಕೂತಿದೆ ಎನ್ನುವುದಕ್ಕೆ ನಿಮ್ಮ ಕೈಯಲ್ಲಿ ಉಳಿಯುವ ದಾಖಲೆ ಅದೊಂದೇ.