ಅರವತ್ತು ಸಾವಿರದ ಸಂಬಳ ಬಿಡುವ ಮುನ್ನ

ಬೆಂಗಳೂರಿನ ರಾಜಾಜಿನಗರದಲ್ಲೊಂದು ಬಾಡಿಗೆ ಮನೆ ಎಂದಿಟ್ಟುಕೊಳ್ಳಿ. ಗಂಡ ಗ್ರಾಫಿಕ್ ಡಿಸೈನರ್, ತಿಂಗಳಿಗೆ 60,000 ರೂಪಾಯಿ ಕೈಗೆ ಬರುತ್ತದೆ. ನಾಲ್ಕು ವರ್ಷದ ಮಗಳು, ಎಂಟು ತಿಂಗಳ ಮಗ. ಅವರನ್ನು ನೋಡಿಕೊಳ್ಳಲೆಂದು ಹೆಂಡತಿ ಸದ್ಯಕ್ಕೆ ಕೆಲಸ ಬಿಟ್ಟಿದ್ದಾಳೆ. ಅವನು ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ಮಗ ಮಲಗಿರುತ್ತಾನೆ. ಈ ನಡುವೆ ಪರಿಚಯದವರೊಬ್ಬರಿಗೆ ಮಾಡಿಕೊಟ್ಟ ಲೋಗೊಗೆ 15,000 ಸಿಕ್ಕಿದೆ. ತಿಂಗಳಿಗೆ ಇಂಥವು ನಾಲ್ಕು ಸಿಕ್ಕರೆ ಸಂಬಳಕ್ಕೆ ಸಮವಾಯಿತಲ್ಲ ಎಂದು ಇಬ್ಬರೂ ಲೆಕ್ಕ ಹಾಕುತ್ತಾರೆ.

ಸಮವಾಗುವುದಿಲ್ಲ. ಮೂಲ ವೇತನ 30,000 ಇದ್ದರೆ, ಶೇ. 12ರಂತೆ ಅವನ ಪಾಲು 3,600, ಕಂಪನಿಯ ಪಾಲು 3,600 ಪಿಎಫ್ ಲೆಕ್ಕಕ್ಕೆ ಹೋಗುತ್ತಿತ್ತು. ಆ 7,200 ಇನ್ನು ಮುಂದೆ ಅವನೇ ಎತ್ತಿಡಬೇಕು. ಕುಟುಂಬದ ಆರೋಗ್ಯ ವಿಮೆಗೆ ತಿಂಗಳಿಗೆ 2,800, ಸಾಫ್ಟ್‌ವೇರ್ ಚಂದಾ, ಇಂಟರ್ನೆಟ್ ಮತ್ತು ಮುಂದೊಂದು ದಿನ ಕಂಪ್ಯೂಟರ್ ಬದಲಿಸುವ ಖರ್ಚಿಗೆ 8,000 ಎಂದು ಅಂದಾಜಿಸೋಣ. ಅಲ್ಲಿಗೆ 60,000ದ ಬದುಕು ಹಾಗೆಯೇ ಸಾಗಲು ಬೇಕಾದದ್ದು 78,000.

ಇದನ್ನು ಎಷ್ಟು ದಿನಗಳಲ್ಲಿ ದುಡಿಯಬೇಕು? ಎಲ್ಲರೂ ಎಡವುವುದು ಇಲ್ಲಿ. ಕೆಲಸದ ದಿನಗಳು 22 ಎಂದುಕೊಂಡರೂ ಅಷ್ಟಕ್ಕೂ ಬಿಲ್ ಹಾಕಲಾಗುವುದಿಲ್ಲ. ಹೊಸ ಗಿರಾಕಿಯನ್ನು ಹುಡುಕುವುದು, ಕೊಟೇಶನ್ ಕಳಿಸುವುದು, ಬಾಕಿಗಾಗಿ ಫೋನ್ ಮಾಡುವುದು, ಇದಕ್ಕೆಲ್ಲ ಯಾರೂ ಹಣ ಕೊಡುವುದಿಲ್ಲ. ಮಗುವಿಗೆ ಲಸಿಕೆ ಹಾಕಿಸಿದ ದಿನ, ಮಗಳ ಶಾಲೆಗೆ ರಜೆ ಇರುವ ದಿನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಡಿಸೈನ್ ಕೆಲಸಕ್ಕೆ ಎರಡು ಮೂರು ಗಂಟೆ ಒಂದೇ ಸಮನೆ ಕೂರಬೇಕು. ಎಂಟು ತಿಂಗಳ ಕೂಸು ಅಷ್ಟು ಹೊತ್ತು ಮಲಗುವ ಭರವಸೆಯಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಿಲ್ ಆಗುವ ದಿನಗಳು 12 ಎಂದು ಹಿಡಿಯುವುದೇ ಕ್ಷೇಮ. 78,000ವನ್ನು 12ರಿಂದ ಭಾಗಿಸಿದರೆ ದಿನಕ್ಕೆ 6,500. ಸಂಬಳವನ್ನು 22ರಿಂದ ಭಾಗಿಸಿದವನು 3,000ಕ್ಕೂ ಕಡಿಮೆ ದರ ಹೇಳಿ, ತಿಂಗಳಿಡೀ ದುಡಿದೂ ಸಾಲ ಮಾಡುತ್ತಾನೆ.

ಆ ಲೋಗೊ ನಾಲ್ಕು ದಿನದ ಕೆಲಸವಾಗಿದ್ದರೆ ಅದರ ನಿಜವಾದ ಬೆಲೆ 26,000. ಅದನ್ನೂ ತಿದ್ದುಪಡಿಗಳು ತಿಂದುಹಾಕಬಲ್ಲವು. ‘ಬಣ್ಣ ಸ್ವಲ್ಪ ಬದಲಿಸಿ’, ‘ಹಳೆಯದೇ ಚೆನ್ನಾಗಿತ್ತು’ ಎನ್ನುತ್ತಲೇ ನಾಲ್ಕು ದಿನ ಏಳಾದರೆ, ದಿನದ ಗಳಿಕೆ ಸುಮಾರು 3,700ಕ್ಕೆ ಇಳಿಯುತ್ತದೆ. ಹಾಗಾಗಿ ಎರಡು ಸಲ ತಿದ್ದುಪಡಿ ಉಚಿತ, ಆಮೇಲಿನದಕ್ಕೆ ದಿನದ ದರ ಎಂದು ಕೊಟೇಶನ್‌ನಲ್ಲೇ ಬರೆದಿರಬೇಕು. ಅರ್ಧ ಹಣ ಮುಂಗಡ. ಒಪ್ಪಿಗೆಗೆ ವಾಟರ್‌ಮಾರ್ಕ್ ಹಾಕಿದ ಪಿಡಿಎಫ್ ಮಾತ್ರ ಕಳಿಸಿ. ಓಪನ್ ಫೈಲ್ ಕೊಡುವುದು ಉಳಿದರ್ಧ ಖಾತೆಗೆ ಬಂದ ಮೇಲೆಯೇ. ಫೈಲ್ ಕೈ ಬಿಟ್ಟ ಮೇಲೆ ವಸೂಲಿಗೆ ಉಳಿಯುವ ಬಲ ತೀರಾ ಕಡಿಮೆ.

ಆ ಸ್ವಲ್ಪ ಬಲವೂ ಬರುವುದು ಉದ್ಯಮ್ ನೋಂದಣಿಯಿಂದ. ಅದಕ್ಕೆ ಶುಲ್ಕವಿಲ್ಲ, ಆಧಾರ್ ಇದ್ದರೆ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿರಲಿ, ಹಣ ಕೊಡಲು 45 ದಿನಕ್ಕಿಂತ ಹೆಚ್ಚು ಗಡುವು ಇರುವಂತಿಲ್ಲ. ತಡವಾದರೆ ಬಡ್ಡಿ ತೆರಬೇಕು. ನೋಂದಣಿ ಮಾತ್ರ ಕೆಲಸ ಒಪ್ಪಿಸುವ ಮೊದಲೇ ಆಗಿರಲಿ. ದೂರು ಕೊಟ್ಟರೆ ಆ ಗಿರಾಕಿ ಮತ್ತೆ ಬರುವುದಿಲ್ಲ ಎಂಬ ಮಾತೂ ನಿಜ. ಕಂಪನಿಗಳು ಸಾಮಾನ್ಯವಾಗಿ ಬಿಲ್ಲಿನಲ್ಲಿ ಶೇ. 10 ಟಿಡಿಎಸ್ ಹಿಡಿದುಕೊಳ್ಳುತ್ತವೆ. ಈ ಮಟ್ಟದ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಬೀಳದಿದ್ದರೂ, ಆ ಹಣ ಮನೆಗೆ ವಾಪಸಾಗುವುದು ಮರುವರ್ಷ ರಿಟರ್ನ್ಸ್ ಸಲ್ಲಿಸಿದ ಮೇಲೆ. ಬಾಡಿಗೆ ಮಾತ್ರ ಈ ತಿಂಗಳೇ ಕಟ್ಟಬೇಕು. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿಲ್ಲದೆ, ಬಾಡಿಗೆಯಷ್ಟನ್ನಾದರೂ ಪ್ರತಿ ತಿಂಗಳು ತಪ್ಪದೆ ಕೊಡುವ ಒಬ್ಬ ಕಾಯಂ ಗಿರಾಕಿಯಿಲ್ಲದೆ, ಒಂದೇ ದುಡಿಮೆಯ ಮನೆಯವರು ಕೆಲಸ ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹೆಂಡತಿಗೆ ಕೆಲಸವಿದ್ದು, ಅವಳ ಕಂಪನಿಯ ವಿಮೆಯಲ್ಲಿ ಮಕ್ಕಳೂ ಸೇರಿದ್ದರೆ ಮಾತು ಬೇರೆ.

ಡಿಸೈನರ್ ಹೆಂಡತಿಯೇ ಆಗಿದ್ದು ಇನ್ನೊಂದು ಮಗುವಿನ ಯೋಚನೆಯಿದ್ದರೆ ತೂಕ ಪೂರ್ತಿ ಬದಲಾಗುತ್ತದೆ. ನೌಕರಿಯಲ್ಲಿದ್ದವಳಿಗೆ ಮೊದಲೆರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ. ಫ್ರೀಲಾನ್ಸರ್‌ಗೆ ಅದು ಒಂದು ದಿನವೂ ಇಲ್ಲ. ಕಂಪನಿಯ ಗುಂಪು ವಿಮೆಯಲ್ಲಿ ಹೆರಿಗೆ ಖರ್ಚಿದ್ದರೂ ಅದು ಸಾಮಾನ್ಯವಾಗಿ ನೌಕರಿಯೊಂದಿಗೇ ಮುಗಿಯುತ್ತದೆ. ಸ್ವಂತ ಪಾಲಿಸಿ ಕೊಂಡರೆ ಹೆರಿಗೆ ಖರ್ಚಿಗೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಇಂಥವಳಿಗೆ ನಾನು ಹೇಳುವುದು, ಹೆರಿಗೆ ರಜೆ ಮುಗಿಯುವವರೆಗೆ ನೌಕರಿ ಬಿಡಬೇಡಮ್ಮ ಎಂದು.

ಗಂಡನಿಗೂ ವಿಮೆಯ ಮಾತು ಅನ್ವಯಿಸುತ್ತದೆ. ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ಅವಕಾಶವಿದೆ, ಹಾಗೆ ಬದಲಾದರೆ ಕಾಯುವ ಅವಧಿಯಲ್ಲಿ ಈವರೆಗೆ ಕಳೆದದ್ದು ಲೆಕ್ಕಕ್ಕೆ ಬರುತ್ತದೆ. ಆ ಅರ್ಜಿ ರಾಜೀನಾಮೆ ಪತ್ರಕ್ಕಿಂತ ಮೊದಲು ಹೋಗಬೇಕು. ಗೃಹಸಾಲದ ಯೋಚನೆಯಿದ್ದರೆ ಅದರ ಅರ್ಜಿಯೂ ಅಷ್ಟೇ: ಸಂಬಳದ ಚೀಟಿ ಇಲ್ಲದವರ ಬಳಿ ಬ್ಯಾಂಕುಗಳು ಎರಡು ಮೂರು ವರ್ಷಗಳ ರಿಟರ್ನ್ಸ್ ಕೇಳುತ್ತವೆ.